ಶಶಿಕಲಾ ಲಾಗ್ ತೆರೆದ ಸೋಮವಾರ

ಹೊಸೂರಿನ ಆ ಕಾರ್ಖಾನೆಯಲ್ಲಿ ಶಶಿಕಲಾಗೆ ಆಪ್ತರು ಅಂತ ಯಾರೂ ಇರಲಿಲ್ಲ, ಅದಕ್ಕೆ ಕಾರಣ ಅವಳೇ. ಕ್ಯಾಂಟೀನಿನಲ್ಲಿ ಯಾರಾದರೂ ಇನ್ನೊಬ್ಬರ ಮಾತು ಎತ್ತಿದರೆ ಸಾಕು, ತಟ್ಟೆ ಎತ್ತಿಕೊಂಡು ಬೇರೆ ಬೆಂಚಿಗೆ ಹೋಗಿಬಿಡುವಳು. ತನ್ನೂರು ಬೇರಿಕೆಯಿಂದ ಬೆಳಗಿನ ಮೊದಲ ಬಸ್ಸಿಗೆ ಬಂದು, ಲ್ಯಾಬಿನ ಬಾಗಿಲು ಹಾಕಿಕೊಂಡು, ಸಂಜೆ ಬಾಗಿಲು ತೆಗೆದು ಹೋದರೆ ಅವಳ ದಿನ ಮುಗಿಯಿತು. ಮನೆಯಲ್ಲಿ ಕನ್ನಡ, ಕೃಷ್ಣಗಿರಿಯ ಪಾಲಿಟೆಕ್ನಿಕ್‌ನಲ್ಲಿ ಕಲಿತದ್ದು ತಮಿಳು, ಬಸ್ಸಿನಲ್ಲಿ ತೆಲುಗು. ಮೂರು ಭಾಷೆಯಲ್ಲೂ ಕಡಿಮೆ ಮಾತಾಡುವ ಹೆಂಗಸು ಎಂದು ಅವಳ ಬೆನ್ನ ಹಿಂದೆ ಜನ ನಗುತ್ತಿದ್ದರು. ನಕ್ಕರೆ ನಗಲಿ ಅನ್ನುವ ಜಾತಿ ಅವಳದು.

ಅವಳ ಲ್ಯಾಬಿನಲ್ಲಿ ಇದ್ದದ್ದು ಒಂದೇ ದೊಡ್ಡ ಯಂತ್ರ. ಅದಕ್ಕೆ ಸಿಎಂಎಂ ಎನ್ನುತ್ತಾರೆ. ಕಲ್ಲಿನ ಹಾಸಿನ ಮೇಲೆ ಬ್ರೇಕಿನ ಭಾಗವೊಂದನ್ನು ಕೂರಿಸಿದರೆ, ಮಾಣಿಕ್ಯದ ಗುಂಡು ಕಚ್ಚಿಕೊಂಡ ಸಣ್ಣ ಕಡ್ಡಿಯೊಂದು ಬಂದು ಅದರ ತೂತು, ಅಂಚು, ಮೂಲೆಗಳನ್ನೆಲ್ಲ ಮುಟ್ಟಿ ಮುಟ್ಟಿ ಅಳೆಯುತ್ತದೆ. ಅದನ್ನು ಆಡಿಸುವುದು ಪಕ್ಕದ ಕಂಪ್ಯೂಟರಿನ ಒಂದು ಪ್ರೋಗ್ರಾಂ. ಆ ಪ್ರೋಗ್ರಾಂ ಕೊಡುವ ರಿಪೋರ್ಟು ಇಲ್ಲದೆ ಒಂದು ಲಾರಿಯೂ ಗೇಟು ದಾಟುವಂತಿಲ್ಲ. ಒಂಬತ್ತು ವರ್ಷದಿಂದ ಆ ರಿಪೋರ್ಟಿನ ಕೆಳಗೆ ಅವಳ ಸಹಿ ಇದೆ. ಆದರೂ ಅವಳು ಕಾಂಟ್ರ್ಯಾಕ್ಟಿನವಳೇ. ವರ್ಷಕ್ಕೊಮ್ಮೆ ಕಾಗದ ಹೊಸದಾಗಬೇಕು, ಅದಕ್ಕೆ ಕ್ವಾಲಿಟಿ ವಿಭಾಗದ ಮುಖ್ಯಸ್ಥ ಹರಿಕೃಷ್ಣನ ಸಹಿ ಬೀಳಬೇಕು. ಈ ಸಲದ ಕಾಗದದ ಗಡುವು ಆ ವಾರದ ಶುಕ್ರವಾರಕ್ಕಿತ್ತು.

ಹರಿಕೃಷ್ಣ ಬಂಗಾರಪೇಟೆ ಕಡೆಯವನು. ಅವಳನ್ನು ಕೆಲಸಕ್ಕೆ ತೆಗೆದುಕೊಂಡ ದಿನ "ನಮ್ ಕಡೆಯೋಳು ಕಣಮ್ಮ ನೀನು, ಕನ್ನಡದೋರು" ಎಂದು ಬಾಯಿತುಂಬ ಹೇಳಿದ್ದ. ಆಮೇಲೆ ಒಂಬತ್ತು ವರ್ಷ ಆ ಮಾತಿನ ಬಾಡಿಗೆ ವಸೂಲು ಮಾಡಿದ. ತಪ್ಪು ಅಳತೆಯನ್ನು ಸರಿಯೆಂದು ಬರೆ ಎಂದು ಎರಡು ಸಲ ಕೇಳಿದ್ದ. ಎರಡು ಸಲವೂ ಅವಳು "ಆಗಲ್ಲ ಸಾರ್" ಅಂದಿದ್ದಳು. ಅಂದಿನಿಂದ ಅವನಿಗೆ ಅವಳ ಮುಖ ಕಂಡರೆ ಮೈಯುರಿ.

ಆ ಸೋಮವಾರ ಬೆಳಗ್ಗೆ ಶಶಿಕಲಾ ಲ್ಯಾಬಿಗೆ ಬಂದು ಪ್ರೋಗ್ರಾಮಿನ ಚಿತ್ರದ ಮೇಲೆ ಎರಡು ಸಲ ಒತ್ತಿದಳು. ಕಂಪನಿಯ ಗುರುತು ತೆರೆಯ ಮಧ್ಯೆ ಮೂಡಿತು, ಎರಡು ಉಸಿರಿನಷ್ಟು ಹೊತ್ತು ನಿಂತಿತು, ಮಾಯವಾಯಿತು. ಏನೂ ಹೇಳದೆ ಮಾಯ. ಮತ್ತೆ ಒತ್ತಿದಳು, ಮತ್ತೆ ಅದೇ. ಕಂಪ್ಯೂಟರ್ ಆರಿಸಿ ಹಚ್ಚಿದಳು, ಕೇಬಲ್ಲು ಕಿತ್ತು ಹಾಕಿದಳು, ಯಂತ್ರವನ್ನೇ ಆರಿಸಿ ನೋಡಿದಳು. ಗುರುತು ಬರುವುದು, ಹೋಗುವುದು. ಸಂಜೆ ನಾಲ್ಕಕ್ಕೆ ಲಾರಿ ಹೊರಡಬೇಕಿತ್ತು. ಹರಿಕೃಷ್ಣನಿಗೆ ಫೋನು ಮಾಡಿ ಇದ್ದದ್ದು ಇದ್ದಹಾಗೆ ಹೇಳಿದಳು. ಅವಳಿಗೆ ಬೇರೆ ರೀತಿ ಹೇಳಲು ಬರುವುದಿಲ್ಲ.

ಎಂಟೂವರೆಗೆ ಎಲ್ಲರೂ ನಿಂತು ಮಾತು ಕೇಳುವ ಬೆಳಗಿನ ಮೀಟಿಂಗು. ನಲವತ್ತು ಜನ. ಹರಿಕೃಷ್ಣ ತಮಿಳಿನಲ್ಲಿ ಶುರುಮಾಡಿದ. ಲ್ಯಾಬ್ ಕಂಪ್ಯೂಟರ್ ಹಾಳಾಗಿದೆ, ಇವತ್ತಿನ ಲಾರಿ ನಿಂತರೆ ಅದಕ್ಕೆ ಕಾರಣ ಶಶಿಕಲಾ, ಸ್ವಂತ ಕೆಲಸಕ್ಕೆ ಪೆನ್ ಡ್ರೈವ್ ಹಾಕಿ ವೈರಸ್ ತಂದಿದ್ದಾಳೆ ಎಂದು ಹೆಸರಿಟ್ಟು ಹೇಳಿದ. ನಲವತ್ತು ತಲೆ ಅವಳ ಕಡೆ ತಿರುಗಿದವು.

ಪೆನ್ ಡ್ರೈವ್ ಹಾಕಿದ್ದು ನಿಜ. ಹಿಂದಿನ ಗುರುವಾರ ಮಗಳು ಸಿಂಚನಾಳ ಸ್ಕೂಲಿನ ಫಾರಂ ಒಂದನ್ನು ಪ್ರಿಂಟ್ ತೆಗೆದಿದ್ದಳು. ಅದು ಅಲ್ಲಿ ಮಾಡಬಾರದ ಕೆಲಸ, ಹರಿಕೃಷ್ಣ ಅದನ್ನು ಕಂಡಿದ್ದ. ಹಾಗಾಗಿ "ಇಲ್ಲ" ಎನ್ನಲು ಬಾಯಿ ಬರಲಿಲ್ಲ, "ಹೌದು" ಅಂದರೆ ಉಳಿದದ್ದನ್ನೂ ಒಪ್ಪಿದಂತೆ. ಸುಮ್ಮನೆ ನಿಂತಳು. ಆ ಸುಮ್ಮನಿರುವಿಕೆಯನ್ನೇ ಜನ ತಪ್ಪೊಪ್ಪಿಗೆ ಎಂದುಕೊಂಡರು. ಕಿವಿಯವರೆಗೂ ಬಿಸಿಯೇರಿತು ಅವಳಿಗೆ. ನಾಚಿಕೆಯಲ್ಲ, ಸಿಟ್ಟು.

ಹತ್ತು ಗಂಟೆಗೆ ಜಗನ್ ಬಂದ. ಬಾಗಲೂರು ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು, ಕಾರ್ಖಾನೆಯ ಕಂಪ್ಯೂಟರುಗಳೆಲ್ಲ ಅವನ ಗುತ್ತಿಗೆ. ಬಂದವನೇ ಪ್ರೋಗ್ರಾಮನ್ನು ಅಡ್ಮಿನ್ ಆಗಿ ಓಡಿಸಿದ, ಹಳೇ ವಿಂಡೋಸಿನ ಹಾಗೆ ನಟಿಸು ಅಂತ ಸೆಟ್ಟಿಂಗ್ ಕೊಟ್ಟ, ವೈರಸ್ಸಿಗೆ ಹುಡುಕಿದ. ವೈರಸ್ಸು ಸಿಗಲಿಲ್ಲ. ಕೊನೆಗೆ ವಿಂಡೋಸಿನ ಒಳದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದು, ಮೇಲಿನ ಕೆಂಪು ಗುರುತಿನ ಸಾಲೊಂದನ್ನು ಬಿಡಿಸಿದ.

"ಪಾರುಂಗ ಸಾರ್, ನೋಡಿ, ಕರ್ನಲ್ ಬೇಸ್ ಅಂತ ಬಂದೈತೆ. ವಿಂಡೋಸೇ ಒಳಗಿಂದ ಕೆಟ್ಟೋಗೈತೆ. ಫಾರ್ಮ್ಯಾಟ್ ಹೊಡ್ದು ಹೊಸ್ದಾಗಿ ಹಾಕ್ಬುಡಾನ."

"ಹೊಡಿ," ಅಂದ ಹರಿಕೃಷ್ಣ.

ನೆಗಡಿ ಬಂತು ಅಂತ ಯಾರಾದರೂ ಮೂಗು ಕೊಯ್ದುಕೊಳ್ಳುತ್ತಾರೆಯೇ? ಈ ಇಬ್ಬರು ಮಹಾನುಭಾವರು ಕೊಯ್ಯಲು ಹೊರಟಿದ್ದರು, ಅದೂ ಇನ್ನೊಬ್ಬರ ಮೂಗನ್ನು. ಶಶಿಕಲಾ ಕುರ್ಚಿಗೂ ಅವರಿಗೂ ನಡುವೆ ಬಂದು ನಿಂತಳು.

"ಸಾರ್, ಈ ಮಿಷನ್ನಿನ ಕಡ್ಡಿ ಎಲ್ಲೆಲ್ಲಿ ಎಷ್ಟೆಷ್ಟು ವಾಲುತ್ತೆ ಅನ್ನೋ ತಿದ್ದುಪಡಿ ಫೈಲು ಇದ್ರಾಗೇ ಐತೆ. ಬೇರೆ ಕಡೆ ಕಾಪಿ ಇಲ್ಲ, ನಾನು ಮೂರು ಸಲ ಕೇಳ್ದೆ, ನೀವು ಡಿಸ್ಕ್ ಕೊಡ್ಲಿಲ್ಲ. ಅದು ಹೋದ್ರೆ ಮಿಷನ್ ಕಂಪನಿಯೋರು ಬಂದು ಮತ್ತೆ ಅಳೀಬೇಕು. ವಾರ ಆಯ್ತದೆ."

"ಅದನ್ನ ನೀನು ಪೆನ್ ಡ್ರೈವ್ ಹಾಕೋಕ್ ಮುಂಚೆ ಯೋಚ್ನೆ ಮಾಡ್ಬೇಕಿತ್ತು."

"ಒಂದು ಗಂಟೆ ಕೊಡಿ. ಆಮೇಲೆ ಏನ್ ಬೇಕಾದ್ರೂ ಮಾಡ್ಕೊಳ್ಳಿ."

ಹರಿಕೃಷ್ಣ ನಕ್ಕ. ಫೈಲಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟ. ಆಗಲೇ ಟೈಪು ಮಾಡಿಸಿ ತಂದಿದ್ದ. ನನ್ನ ಅಜಾಗರೂಕತೆಯಿಂದ ಪ್ರೋಗ್ರಾಂ ಹಾಳಾಯಿತು, ಇದರ ಪೂರ್ತಿ ಹೊಣೆ ನನ್ನದು ಎಂದು ಅದರಲ್ಲಿತ್ತು. ಕೆಳಗೆ ಅವಳ ಹೆಸರು, ಸಹಿಗೆ ಜಾಗ.

"ಒಂದು ಗಂಟೆ ತಗೋ. ಮೂರು ಗಂಟೆಗೆ ಓನರ್ ಬತ್ತಾರೆ. ಅಷ್ಟೊತ್ತಿಗೆ ಇದಕ್ಕೆ ಸೈನ್ ಹಾಕಿಟ್ಟಿರು. ಸೈನ್ ಹಾಕಿದ್ರೆ ಮರ್ಯಾದೆಯಾಗಿ ಶುಕ್ರವಾರ ಹೋಗ್ತೀಯ. ಇಲ್ದಿದ್ರೆ ಇವತ್ತೇ."

ಅಂದರೆ ಎರಡು ದಾರಿಯೂ ಗೇಟಿಗೇ. ಅವರಿಬ್ಬರೂ ಹೋದ ಮೇಲೆ ಅವಳು ಆ ಹಾಳೆಯನ್ನು ಮಗುಚಿಟ್ಟು ಕಂಪ್ಯೂಟರಿನ ಮುಂದೆ ಕೂತಳು. ಭಯ ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಹತ್ತು ಐವತ್ತೆರಡಕ್ಕೆ ಸರಿಯಾಗಿ ಪ್ರೋಗ್ರಾಮನ್ನು ಒತ್ತಿದಳು. ಗುರುತು ಬಂತು, ಹೋಯಿತು. ಈವೆಂಟ್ ವ್ಯೂವರಿನಲ್ಲಿ ಅಪ್ಲಿಕೇಶನ್ ಎಂಬ ಲಾಗನ್ನು ತೆರೆದು, ಹತ್ತು ಐವತ್ತೆರಡರ ಸಾಲುಗಳನ್ನು ಮಾತ್ರ ನೋಡಿದಳು. ಲಾಗ್ ಅಂದರೆ ವಿಂಡೋಸು ತನ್ನ ಪಾಡಿಗೆ ಬರೆದುಕೊಳ್ಳುತ್ತ ಹೋಗುವ ದಿನಚರಿ. ಹೊಸದು ಮೇಲೆ, ಹಳೆಯದು ಕೆಳಗೆ. ಒಂದೇ ನಿಮಿಷದಲ್ಲಿ ಮೂರು ಕೆಂಪು ಸಾಲುಗಳಿದ್ದವು. ಜಗನ್ ಓದಿದ್ದು ಮೇಲಿನದನ್ನು ಮಾತ್ರ.

ಮೇಲಿನದು ಸಾವಿರದ ನಂಬರಿನ ಸಾಲು. ಪ್ರೋಗ್ರಾಂ ಸತ್ತಿತು, ಸತ್ತ ಜಾಗ ಕರ್ನಲ್ ಬೇಸ್ ಎಂದಿತ್ತು, ಜೊತೆಗೊಂದು ಸಂಕೇತ. ಹಿಂದೊಮ್ಮೆ ಯಂತ್ರದ ಕಂಪನಿಯ ಇಂಜಿನಿಯರ್ ಅವಳಿಗೆ ಹೇಳಿಕೊಟ್ಟಿದ್ದ: ಆ ಸಂಕೇತ ಬಂದರೆ ಡಾಟ್‌ನೆಟ್ ಎಂಬ ಅಡಿಪಾಯದ ಮೇಲೆ ಕಟ್ಟಿದ ಪ್ರೋಗ್ರಾಂ ಯಾವುದೋ ತೊಂದರೆಗೆ ಕೈಚೆಲ್ಲಿದೆ ಎಂದಷ್ಟೇ ಅರ್ಥ, ಕರ್ನಲ್ ಬೇಸ್ ಅದು ಕೂಗಿಕೊಂಡ ಜಾಗ, ಹೊಡೆದವನು ಬೇರೆ. ಅದರ ಕೆಳಗೆ ಡಾಟ್‌ನೆಟ್ಟಿನದೇ ಸಾಲು, ಸಾವಿರದ ಇಪ್ಪತ್ತಾರು. ಯಂತ್ರದ ಜೊತೆ ಮಾತಾಡುವ ಫೈಲನ್ನು ಎತ್ತಿಕೊಳ್ಳಲು ಆಗಲಿಲ್ಲ, ಅದಕ್ಕೆ ಬೇಕಾದ ಜೊತೆಗಾರ ಸರಿಯಿಲ್ಲ ಎಂದು ಅದು ಗೋಗರೆದಿತ್ತು. ಎಲ್ಲಕ್ಕೂ ಕೆಳಗೆ, ಎಲ್ಲಕ್ಕೂ ಮೊದಲು ಬರೆದದ್ದು, ಸೈಡ್ ಬೈ ಸೈಡ್ ಎಂಬ ಹೆಸರಿನ ಮೂವತ್ತಮೂರನೇ ನಂಬರಿನ ಸಾಲು. ವಿಷುಯಲ್ ಸಿ ಪ್ಲಸ್ ಪ್ಲಸ್ ಎರಡು ಸಾವಿರದ ಎಂಟರ ಲೈಬ್ರರಿ ಸಿಗಲಿಲ್ಲ.

ಇಂಥ ಲೈಬ್ರರಿಗಳು ನಾವು ನೇರವಾಗಿ ತೆರೆದು ನೋಡುವ ಸಾಮಾನಲ್ಲ. ಬೇರೆ ಪ್ರೋಗ್ರಾಮುಗಳು ಏಳಬೇಕಾದರೆ ಒಳಗಿಂದ ಎತ್ತಿ ನಿಲ್ಲಿಸುವ ಊರುಗೋಲುಗಳು. ರನ್‌ಟೈಮ್ ಎನ್ನುತ್ತಾರೆ.

ಕಂಪ್ಯೂಟರಿನಲ್ಲಿ ಹಾಕಿರುವ ಪ್ರೋಗ್ರಾಮುಗಳ ಪಟ್ಟಿ ತೆರೆದಳು. ಎರಡು ಸಾವಿರದ ಎಂಟರದು ಅಲ್ಲೇ ಇತ್ತು! ಹಾಗಾದರೆ ಕೆಟ್ಟಿರಬೇಕು ಎಂದು ಅದಕ್ಕೆ ರಿಪೇರಿ ಕೊಟ್ಟಳು. ಮುಗಿಯಿತು, ಪ್ರೋಗ್ರಾಂ ಒತ್ತಿದಳು, ಗುರುತು ಬಂತು, ಹೋಯಿತು. ಕಂಪ್ಯೂಟರ್ ಆರಿಸಿ ಹಚ್ಚಿ ಮತ್ತೊಮ್ಮೆ ನೋಡಿದಳು, ಅದೇ. ಇಪ್ಪತ್ತು ನಿಮಿಷ ಹಾಳು. ಅವಸರದಲ್ಲಿ ಅರ್ಧ ಓದಿದರೆ ಹೀಗೇ ಆಗುವುದು. ಇದು ಅವಳು ಬೇರೆಯವರಿಗೆ ಹೇಳುತ್ತಿದ್ದ ಮಾತು, ಅವತ್ತು ತನಗೇ ಹೇಳಿಕೊಂಡಳು.

ಅಷ್ಟರಲ್ಲಿ ಜಗನ್ ಫೋನು ಮಾಡಿದ. "ಅಕ್ಕಾ, ಯಾವ್ದೋ ಲೈಬ್ರರಿ ಫೈಲು, ಡಿಎಲ್ಎಲ್, ಇಲ್ಲ ಅಂತಿದ್ರೆ ಹೇಳಿ. ನೆಟ್ನಲ್ಲಿ ಫ್ರೀಯಾಗಿ ಸಿಗ್ತದೆ, ತಂದು ಸಿಸ್ಟಂ ಫೋಲ್ಡರ್ಗೆ ಹಾಕ್ಬುಡಾನ."

"ಬೇಡ ಕಣಪ್ಪ. ಇದು ಅಲ್ಲಿ ಇಟ್ರೂ ನೋಡಾಕಿಲ್ಲ, ಕ್ರಮವಾಗಿ ಇನ್‌ಸ್ಟಾಲ್ ಆಗ್ಬೇಕು. ಯಾರೋ ಎಲ್ಲಿಂದಲೋ ಕೊಟ್ಟಿದ್ನ ತಂದು ಹಾಕಿದ್ರೆ ನಿಜವಾಗ್ಲೂ ವೈರಸ್ ಬರ್ತದೆ," ಎಂದು ಫೋನು ಇಟ್ಟಳು.

ಮೂವತ್ತಮೂರರ ಸಾಲನ್ನು ಮತ್ತೆ ಬಿಡಿಸಿ, ಬೆರಳಿಟ್ಟು ಅಕ್ಷರ ಅಕ್ಷರ ಓದಿದಳು. ಸಿಗಲಿಲ್ಲ ಅಂತ ಅದು ಹೇಳಿದ್ದು ಎಕ್ಸ್ ಎಂಬತ್ತಾರು ಎಂಬ ಗುರುತಿನದನ್ನು. ಪಟ್ಟಿಯಲ್ಲಿ ಉಳಿದಿದ್ದದ್ದು ಎಕ್ಸ್ ಅರವತ್ತನಾಲ್ಕು. ಕಂಪ್ಯೂಟರು ಅರವತ್ತನಾಲ್ಕು ಬಿಟ್ಟಿನದು, ಪ್ರೋಗ್ರಾಂ ಮಾತ್ರ ಹಳೆಯ ಮೂವತ್ತೆರಡು ಬಿಟ್ಟಿನದು. ಮೂವತ್ತೆರಡು ಬಿಟ್ಟಿನದರ ಗುರುತೇ ಎಂಬತ್ತಾರು, ಅದಕ್ಕೆ ಬೇಕಾದದ್ದು ಆ ಗುರುತಿನ ಲೈಬ್ರರಿಯೇ. ಆ ಪಟ್ಟಿಯಲ್ಲಿ ಇವೆಲ್ಲ ಒಂದೇ ಹೆಸರಿನಲ್ಲಿ ಸಾಲಾಗಿ ಇರುತ್ತವೆ, ಎರಡೆರಡು, ಮೂರು ಮೂರು. ತಿಳಿಯದವನಿಗೆ ಒಂದನ್ನೇ ಹತ್ತು ಸಲ ಹಾಕಿದಂತೆ ಕಾಣುತ್ತದೆ. ಒಂದೇ ನಂಬರಿನ ಎರಡು ಚಪ್ಪಲಿ ನೋಡಿ, ಎರಡು ಯಾಕೆ ಅಂತ ಎಡಗಾಲಿನದನ್ನು ಬಿಸಾಕಿದ ಹಾಗೆ ಯಾರೋ ಅದನ್ನು ಕಿತ್ತಿದ್ದರು. ಬೇರೆ ವರ್ಷಗಳ ಎಂಬತ್ತಾರರ ಲೈಬ್ರರಿಗಳೂ ಒಂದೂ ಉಳಿಯದೆ ಹೋಗಿದ್ದವು.

ಲ್ಯಾಬಿನ ಕಂಪ್ಯೂಟರಿಗೆ ಇಂಟರ್‌ನೆಟ್ ಇಲ್ಲ. ಆದರೆ ಯಂತ್ರದ ಜೊತೆ ಬಂದ ಸಿ.ಡಿ.ಯಲ್ಲಿ ಮೊದಲು ಹಾಕಬೇಕಾದ ಲೈಬ್ರರಿಗಳೆಲ್ಲ ಒಂದು ಫೋಲ್ಡರಿನಲ್ಲಿ ಇರುತ್ತವೆ. ಬೀರು ತೆರೆದಳು. ಸಿ.ಡಿ. ಇಟ್ಟ ಡಬ್ಬವೇ ಇರಲಿಲ್ಲ. ಬೀರು ಕನ್ನಡಿಯ ಹಾಗೆ ಚೊಕ್ಕ, ಪೂರ್ತಿ ಖಾಲಿ, ಬಾಗಿಲ ಒಳಮೈಗೆ "ಫೈವ್ ಎಸ್ ಆಯಿತು" ಎಂಬ ಹಸಿರು ಚೀಟಿ.

ಹೊಸೂರಿನ ಯಾವ ಕಾರ್ಖಾನೆಗೆ ಹೋದರೂ ಈ ಫೈವ್ ಎಸ್ ಎಂಬ ಜಪಾನೀ ವ್ರತ ಇದೆ. ಬೇಕಾದದ್ದು ಇಟ್ಟುಕೋ, ಬೇಡದ್ದಕ್ಕೆ ಕೆಂಪು ಚೀಟಿ ಕಟ್ಟಿ ಹೊರಗೆ ಹಾಕು, ಒಂದೇ ಸಾಮಾನು ಎರಡಿದ್ದರೆ ಒಂದನ್ನು ತೆಗೆ. ಒಳ್ಳೆಯ ಪದ್ಧತಿ, ಸ್ಪ್ಯಾನರುಗಳ ವಿಷಯದಲ್ಲಿ. ಶಶಿಕಲಾ ಹೊರಗೆ ಹಾಕಿದ್ದನ್ನೆಲ್ಲ ತುಂಬಿಡುವ ಹಿತ್ತಲಿನ ಕೆಂಪು ಚೀಟಿಯ ಪಂಜರಕ್ಕೆ ಓಡಿದಳು. ಅದರ ಕೀಲಿ ಸ್ಟೋರಿನ ಪಾಪಣ್ಣನ ಕೈಯಲ್ಲಿ. ಸಾನಮಾವು ಹಳ್ಳಿಯವನು, ರಿಟೈರಾಗಲು ಎರಡು ವರ್ಷ ಇದ್ದವನು. ಇಬ್ಬರೂ ಸೇರಿ ಹಳೇ ಫ್ಯಾನು, ಮುರಿದ ಸ್ಟೂಲುಗಳ ಕೆಳಗಿಂದ ಡಬ್ಬ ಎಳೆದರು.

"ಇದ್ನ ಯಾರು ಪಾಪಣ್ಣ ಹಾಕಿದ್ದು?"

"ನಿಮ್ ಸಾರೇ ಕಣಮ್ಮ. ಶನಿವಾರ ಲ್ಯಾಬ್ನಾಗೆ ಖುದ್ದು ನಿಂತ್ಕಂಡು ಕ್ಲೀನ್ ಮಾಡುಸ್ತಿದ್ರು. ಬೀರು ಆತು, ಕಂಪ್ಯೂಟ್ರ್ಗೂ ಫೈವ್ ಎಸ್ ಮಾಡ್ತೀನಿ ಅಂತ ಕುಂತ್ಕಂಡ್ರು. ಓನರ್ಗೆ ಫೋಟೋನೂ ಕಳ್ಸಿದ್ರು. ಯಾಕ್ ತಾಯಿ, ಮಕ ಯಾಕಂಗಾತು?"

ಶನಿವಾರ ಅವಳು ರಜೆ. ಕೆಲಮಂಗಲದಲ್ಲಿ ತಂಗಿಯ ಮಗುವಿಗೆ ಹೆಸರಿಡುವ ಕಾರ್ಯಕ್ಕೆ ಹೋಗಿದ್ದಳು. ಡಬ್ಬ ಅಪ್ಪಿಕೊಂಡು ವಾಪಸು ಬಂದಳು.

ಸಿ.ಡಿ. ಹಾಕಿ, ಎಂಬತ್ತಾರರ ಎರಡು ಸಾವಿರದ ಎಂಟನ್ನು ಓಡಿಸಿದಳು. ಎರಡೇ ನಿಮಿಷ. ಪ್ರೋಗ್ರಾಮನ್ನು ಒತ್ತಿದಳು. ಗುರುತು ಬಂತು, ನಿಂತಿತು, ಸರಿಯಿತು. ಅದರ ಹಿಂದಿನಿಂದ ಬೂದು ಬಣ್ಣದ ಅಳತೆಯ ಪರದೆ ತೆರೆದುಕೊಂಡಿತು, ಯಂತ್ರದ ಕಡ್ಡಿ ತಲೆ ಎತ್ತಿ ತನ್ನ ಮನೆಗೆ ಹೋಗಿ ನಿಂತಿತು. ಶಶಿಕಲಾ ಕುರ್ಚಿಗೆ ಒರಗಿ ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡಳು. ಅಳು ಬಂದಿತ್ತು, ಅಳಲಿಲ್ಲ.

ಆಮೇಲೆ ಲಾಗಿಗೆ ಮರಳಿದಳು. ಪ್ರೋಗ್ರಾಮುಗಳನ್ನು ಹಾಕುವುದನ್ನೂ ಕೀಳುವುದನ್ನೂ ಬರೆದಿಡುವ ಸಾಲುಗಳನ್ನು ಮಾತ್ರ ಸೋಸಿ ತೆಗೆದಳು. ಶನಿವಾರ ಸಂಜೆ ನಾಲ್ಕು ಹನ್ನೆರಡರಿಂದ ನಾಲ್ಕು ಮೂವತ್ತೊಂದರವರೆಗೆ ಆರು ಲೈಬ್ರರಿ ತೆಗೆದುಹಾಕಿದ ದಾಖಲೆ. ಆರಕ್ಕೂ ಬಳಕೆದಾರ ಒಬ್ಬನೇ: ಹರಿಕೃಷ್ಣ. ಆ ಕಂಪ್ಯೂಟರಿನಲ್ಲಿ ಅಡ್ಮಿನ್ ಹಕ್ಕಿನ ಖಾತೆ ಎರಡೇ ಇದ್ದದ್ದು. ಒಂದು ಅವನದು, ಇನ್ನೊಂದು ಅವಳದು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಜ್ವರ ತರಿಸಿದವನೇ ಬರೆಯ ಕಬ್ಬಿಣ ಕಾಯಿಸಿಕೊಂಡು ಬಂದಿದ್ದ. ಆದರೂ ಅವಳಿಗೆ ಒಂದು ಗೊತ್ತಿತ್ತು. ಅವನು ಬೇಕೆಂದು ಕಿತ್ತಿರಲಿಲ್ಲ. ಕಿತ್ತದ್ದಕ್ಕೂ ಪ್ರೋಗ್ರಾಂ ಏಳದಿರುವುದಕ್ಕೂ ಸಂಬಂಧ ಇದೆ ಎಂಬುದೇ ಅವನ ತಲೆಗೆ ಹೊಳೆದಿರಲಿಲ್ಲ. ಹಾಗಾಗಿ ನೇರ ಓನರಿಗೆ ಹೇಳದೆ, ಮೊದಲು ಅವನನ್ನೇ ಕರೆದು ತೋರಿಸಿದಳು. ಲಾಗನ್ನು ಅರ್ಧ ಓದಿದ್ದು ಮೊದಲನೆಯದಾದರೆ, ನನ್ನನ್ನು ಕೇಳಿದರೆ ಅದು ಅವಳು ಅವತ್ತು ಮಾಡಿದ ಎರಡನೇ ತಪ್ಪು.

ಹರಿಕೃಷ್ಣ ಬಗ್ಗಿ ಓದಿದ. ಮುಖದ ಬಣ್ಣ ಇಳಿಯಿತು. ಆಮೇಲೆ ಮತ್ತೆ ಏರಿತು.

"ಈಗ ಓಡ್ತಿದೆ ತಾನೆ? ಬಿಡು. ರಿಪೋರ್ಟ್ ತೆಗಿ."

"ತೆಗೀತೀನಿ ಸಾರ್. ಬೆಳಿಗ್ಗೆ ನನ್ ಹೆಸರು ಹೇಳಿದ್ರಲ್ಲ, ಅದ್ನ ವಾಪಸ್ ತಗೊಳ್ಳಿ. ಈ ಕಾಗದಾನೂ. ಅಷ್ಟೇ ಸಾಕು."

"ನೋಡಾನ. ಓನರ್ ಬಂದು ಹೋಗ್ಲಿ."

ಒಂದೂವರೆ ಗಂಟೆ ಅವಳು ತಲೆಯೆತ್ತದೆ ಅಳೆದು ರಿಪೋರ್ಟು ಮುಗಿಸಿದಳು. ಕಂಪ್ಯೂಟರಿನಲ್ಲಿ ತನ್ನ ಖಾತೆಗೆ ಬೀಗ ಹಾಕಿ ಊಟಕ್ಕೆ ಹೋದಳು. ಬಂದಾಗ ಕುರ್ಚಿ ಬೇರೆ ಎತ್ತರಕ್ಕಿತ್ತು. ಅದನ್ನು ಅವಳು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೂರು ಗಂಟೆಗೆ ರಾಮಕೃಷ್ಣಪ್ಪ ಬಂದರು. ಕೆಲಮಂಗಲದ ರೈತರ ಮನೆಯಿಂದ ಬಂದು ಒಂದು ಲೇತ್ ಯಂತ್ರದಿಂದ ಕಾರ್ಖಾನೆ ಕಟ್ಟಿದ ಓನರು, ಲಾರಿಯ ವಿಷಯ ಬಿಟ್ಟು ಬೇರೇನೂ ಕೇಳುವ ವ್ಯವಧಾನ ಇಲ್ಲದವರು. ಹರಿಕೃಷ್ಣ ಅವರ ಹಿಂದೆಯೇ ಒಳಗೆ ಬಂದ. ಅವಳ ಎದೆ ಆಗಲೂ ಒಂದು ಒಳ್ಳೆಯ ಮಾತಿಗೆ ಕಾದಿತ್ತು.

"ಸಾರ್, ಪ್ರೋಗ್ರಾಂ ನಾನು ನಿಂತು ಸರಿಮಾಡ್ಸಿದೀನಿ. ಈಯಮ್ಮ ಪೆನ್ ಡ್ರೈವ್ ಹಾಕಿ ಕೆಡ್ಸಿದ್ಳು. ಈಗ ಬಚಾವಾಗೋಕೆ ನನ್ ಹೆಸರು ಹೇಳ್ತಾಳೆ. ಕಾಗದ ಇಲ್ಲೈತೆ, ಸೈನ್ ಹಾಕ್ದೆ ಕುಂತವ್ಳೆ," ಅಂದ ಹರಿಕೃಷ್ಣ.

ಶಶಿಕಲಾ ಓನರಿಗೆ ಹೇಳಿದಳು, "ಶನಿವಾರ ಯಾರು ತೆಗೆದ್ರು ಅಂತ ಇದ್ರಾಗೇ ಬರ್ದೈತೆ ಸಾರ್, ನೋಡಿ." ಅಪ್ಲಿಕೇಶನ್ ಲಾಗ್ ತೆರೆದಳು.

ಖಾಲಿ. ಶನಿವಾರ ಇಲ್ಲ, ಬೆಳಗಿನ ಹತ್ತು ಐವತ್ತೆರಡು ಇಲ್ಲ. ಊಟದ ಹೊತ್ತಿನ ನಂತರದ ನಾಲ್ಕು ಸಾಲು ಬಿಟ್ಟರೆ ಬಟಾಬಯಲು.

"ಎಲ್ಲಮ್ಮ?" ಎಂದರು ರಾಮಕೃಷ್ಣಪ್ಪ.

"ಇದ್ರೆ ತಾನೆ ಸಾರ್," ಎಂದ ಹರಿಕೃಷ್ಣ. ಸಣ್ಣ ನಗೆ ಇತ್ತು ಅವನ ತುಟಿಯಲ್ಲಿ.

ಒಂಬತ್ತು ವರ್ಷ, ಸಿಂಚನಾಳ ಸ್ಕೂಲು, ಬೇರಿಕೆ ಬಸ್ಸಿನಲ್ಲಿ ನಾಳೆ ಜನ ಆಡುವ ಮಾತು, ಎಲ್ಲ ಒಟ್ಟಿಗೆ ಶಶಿಕಲಾಳ ಕಣ್ಣ ಮುಂದೆ ಬಂತು. ಆದರೆ ಅವಳು ಲಾಗ್ ಓದುವವಳು. ಖಾಲಿ ಮನೆ ನೋಡಿದರೆ ಯಾರು ಗುಡಿಸಿದರು ಎಂದು ಕೇಳುವ ಬುದ್ಧಿ ಅವಳದು. ಅಪ್ಲಿಕೇಶನ್ ಲಾಗನ್ನು ಬಿಟ್ಟು ಅದರ ಕೆಳಗಿನ ಸಿಸ್ಟಂ ಎಂಬ ಲಾಗನ್ನು ಒತ್ತಿದಳು. ಒಂದು ಲಾಗನ್ನು ಅಳಿಸಿದರೆ ವಿಂಡೋಸು ಅಳಿಸಿದ ಸಂಗತಿಯನ್ನು ಇನ್ನೊಂದರಲ್ಲಿ ಬರೆಯುತ್ತದೆ. ಇದು ಹರಿಕೃಷ್ಣನಿಗೆ ಗೊತ್ತಿರಲಿಲ್ಲ.

ನೂರ ನಾಲ್ಕನೇ ನಂಬರಿನ ಸಾಲು ಅಲ್ಲಿ ಕೂತಿತ್ತು. ಅದನ್ನು ಬಿಡಿಸಿ ಪಕ್ಕಕ್ಕೆ ಸರಿದಳು.

"ಓದಿ ಸಾರ್."

ರಾಮಕೃಷ್ಣಪ್ಪ ಕನ್ನಡಕ ಏರಿಸಿಕೊಂಡು ಒಂದೊಂದೇ ಪದವಾಗಿ ಓದಿದರು. ಅಪ್ಲಿಕೇಶನ್ ಲಾಗ್ ಅಳಿಸಲಾಗಿದೆ. ಹೊತ್ತು, ಮಧ್ಯಾಹ್ನ ಎರಡು ಇಪ್ಪತ್ತಮೂರು. ಬಳಕೆದಾರ, ಹರಿಕೃಷ್ಣ. ಕನ್ನಡಕ ತೆಗೆದು ತಿರುಗಿದರು.

"ಇದ್ಯಾಕ್ರೀ ಅಳಿಸಿದ್ದು?"

"ಸಿಸ್ಟಂ ಸ್ಲೋ ಇತ್ತು ಸಾರ್... ಕ್ಲೀನ್ ಮಾಡ್ದೆ."

"ಇದೂ ಫೈವ್ ಎಸ್ಸಾ?"

"ಶನಿವಾರ ಕಿತ್ತಿದ್ದೂ ನೀವೇನಾ?" ಎಂದು ಓನರು ಮತ್ತೆ ಕೇಳಿದ್ದಕ್ಕೆ ಹರಿಕೃಷ್ಣ "ಹೂಂ" ಅಂದ. ರಾಮಕೃಷ್ಣಪ್ಪ ಮೇಜಿನ ಮೇಲಿದ್ದ ಕಾಗದ ಎತ್ತಿ ನಾಲ್ಕು ಚೂರು ಮಾಡಿದರು. ಶಶಿಕಲಾಳ ಕಾಂಟ್ರ್ಯಾಕ್ಟಿನ ಫೈಲು ತರಿಸಿ ಅಲ್ಲೇ ನಿಂತು ತಾವೇ ಸಹಿ ಹಾಕಿದರು. ಆಮೇಲೆ ಓನರುಗಳೆಲ್ಲ ಹೇಳುವ ಮಾತನ್ನು ಹೇಳಿದರು.

"ಆಯ್ತಮ್ಮ, ಇಲ್ಲಿಗೆ ಮುಗೀತು. ಇದ್ನ ನಮ್ಮೊಳಗೇ ಇಟ್ಕೊಳ್ಳಾನ. ಅವ್ರು ಹೆಡ್ಡು, ನಾಳೆ ಕೆಲಸ ತಗೀಬೇಕಲ್ಲ."

"ನನ್ ಹೆಸರು ನಮ್ಮೊಳಗೆ ಕೆಟ್ಟಿಲ್ಲ ಸಾರ್," ಎಂದಳು ಶಶಿಕಲಾ. "ನಲವತ್ತು ಜನದ ಮುಂದೆ ಕೆಟ್ಟೈತೆ. ಅಲ್ಲೇ ಸರಿಯಾಗ್ಬೇಕು."

"ನಾಳೆ ಹೇಳ್ತಾರೆ ಬಿಡು." ಅವರು ಗಡಿಯಾರ ನೋಡಿಕೊಂಡು ಲಾರಿಯ ಕಡೆಗೆ ಹೋದರು.

ಮಾರನೆಯ ದಿನ ಎಂಟೂವರೆಗೆ ನಲವತ್ತು ಜನ ಸೇರಿದರು. ಹರಿಕೃಷ್ಣ ತಮಿಳಿನಲ್ಲಿ ಹೇಳಿದ್ದು ಇಷ್ಟು: ನಿನ್ನೆ ಲ್ಯಾಬಿನಲ್ಲಿ ಸಣ್ಣ ಸಾಫ್ಟ್‌ವೇರ್ ತೊಂದರೆ ಇತ್ತು, ಸರಿಹೋಗಿದೆ, ಮುಂದಿನ ವಿಷಯ. ಕೆಡಿಸುವಾಗ ಹೆಸರಿತ್ತು, ಸರಿಮಾಡುವಾಗ ಹೆಸರಿಲ್ಲ.

ಶಶಿಕಲಾ ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು. "ನಿಲ್ಲಿ ಸಾರ್, ಮುಗಿದಿಲ್ಲ."

ಮೊದಲು ತಮಿಳಿನಲ್ಲಿ ಹೇಳಿದಳು. ಪೆನ್ ಡ್ರೈವ್ ಹಾಕಿದ್ದು ನಾನೇ, ಅದು ತಪ್ಪು, ಅದಕ್ಕೆ ಮೆಮೊ ಕೊಡಲಿ, ತಗೊಳ್ಳುತ್ತೇನೆ. ಪ್ರೋಗ್ರಾಂ ಕೆಟ್ಟಿದ್ದು ಅದರಿಂದಲ್ಲ. ಶನಿವಾರ ಹರಿಕೃಷ್ಣ ಸಾರ್ ಅದಕ್ಕೆ ಬೇಕಾದ ಲೈಬ್ರರಿ ಕಿತ್ತರು, ಸೋಮವಾರ ಅದರ ದಾಖಲೆ ಅಳಿಸಿದರು. ಗಡಿಯಾರದ ಹೊತ್ತಿನ ಸಮೇತ ಹೇಳಿದಳು. ಆಮೇಲೆ ಇದನ್ನೇ ತೆಲುಗಿನಲ್ಲಿ ಹೇಳಿದಳು, ತೆಲುಗು ಮಾತಾಡುವ ಪ್ರೆಸ್ ಶಾಪಿನ ಸಾಲಿನವರಿಗೆ ಒಂದಕ್ಷರವೂ ತಪ್ಪಬಾರದು ಎಂದು. ಹರಿಕೃಷ್ಣ ಕೈಯಲ್ಲಿದ್ದ ಹಾಳೆಯನ್ನು ಓದುವವನ ಹಾಗೆ ತಲೆ ತಗ್ಗಿಸಿದ್ದ.

ಕನ್ನಡಕ್ಕೆ ಬಂದಾಗ ಅವಳು ಜನರ ಕಡೆಯಿಂದ ಅವನ ಕಡೆಗೆ ತಿರುಗಿದಳು.

"ಶನಿವಾರ ಕಿತ್ತಿದ್ದು ನಿಮಗೆ ಗೊತ್ತಿಲ್ದೆ ಸಾರ್. ಅದಕ್ಕೆ ನಾನು ಮೊದ್ಲು ನಿಮ್ಮನ್ನೇ ಕರ್ದು ತೋರಿಸ್ದೆ. ನಾನು ಊಟಕ್ಕೆ ಹೋಗಿದ್ದಾಗ ಬಂದು ಕುಂತು ಅಳಿಸಿದ್ರಲ್ಲ, ಅದು ಗೊತ್ತಿದ್ದೇ ಮಾಡಿದ್ದು. ನನ್ ಮಗಳ ಅನ್ನಕ್ಕೆ ಕೈ ಹಾಕಿದ್ರಿ. ಅದ್ನ ನಾನು ಕ್ಷಮಿಸಾಕಿಲ್ಲ."

ಹರಿಕೃಷ್ಣ ಮೆಲ್ಲಗೆ, ಅವಳಿಗೆ ಮಾತ್ರ ಕೇಳುವ ಹಾಗೆ, "ನಾವಿಬ್ರೂ ಕನ್ನಡದೋರು ಕಣಮ್ಮ, ಎಲ್ರ ಮುಂದೆ ಹಿಂಗ್ ಮಾಡ್ಬಾರ್ದಿತ್ತು," ಅಂದ.

"ಕನ್ನಡದಾಗೆ ಹೇಳಿದ್ನಲ್ಲ ಸಾರ್, ಅರ್ಥ ಆಗ್ಲಿ ಅಂತ," ಎಂದು ಶಶಿಕಲಾ ಲ್ಯಾಬಿಗೆ ಹೋಗಿ ಬಾಗಿಲು ಹಾಕಿಕೊಂಡಳು.